ಔಷಧದ ಬಾಟಲಿ ಮೇಲೆ ‘ಶರಾಬ್’!

ದುಬೈನಿಂದ ಬಂದ ಮೈದುನ ಒಂದು ಕೆಮ್ಮಿನ ಸಿರಪ್ ಬಿಟ್ಟುಹೋಗಿದ್ದ. ಡಬ್ಬಿ ಇರಲಿಲ್ಲ. ಇಂಗ್ಲಿಷ್ ಕಡೆಯ ಚೀಟಿ ಸಿರಪ್ ಸೋರಿ ಅಳಿಸಿಹೋಗಿತ್ತು. ಉಳಿದದ್ದು ಬಲದಿಂದ ಎಡಕ್ಕೆ ಓದುವ ಲಿಪಿ. ಉರ್ದು ಇರಬೇಕು ಅಂತ ಫೋನಿನ ಅನುವಾದದಲ್ಲಿ ಉರ್ದು ಆರಿಸಿದೆ. ಬಂದದ್ದಕ್ಕೆ ತಲೆಬುಡ ಇರಲಿಲ್ಲ.

ವಿಜಯಪುರದ ನಮ್ಮ ಓಣಿಯಲ್ಲಿ ಉರ್ದು ಬಲ್ಲ ಚಾಚಾ ಇದ್ದಾರೆ. ಬಾಟಲಿ ನೋಡಿ, “ಏನಪ್ಪಾ, ಇದರ ಮೇಲೆ ಶರಾಬ್ ಅಂತ ಐತಿ!” ಎಂದರು. ನನ್ನ ಹೆಂಡತಿ ಗಾಬರಿಯಾದಳು.

ಚಾಚಾನೇ ಮತ್ತೆ ಕಣ್ಣು ಹಾಯಿಸಿದರು. ಉರ್ದುವಿನಲ್ಲಿ ಟ, ಡ ಬರೆಯಲು ಅಕ್ಷರದ ತಲೆ ಮೇಲೆ ‘ತೋಯ್’ ಎಂಬ ಪುಟ್ಟ ಗುರುತು ಇರುತ್ತದೆ. ಇಡೀ ಚೀಟಿಯಲ್ಲಿ ಅದು ಒಂದೂ ಇಲ್ಲ. ಕೆಳಗೆ ಮೂರು ಚುಕ್ಕೆಯ ಪ, ಚ ಕೂಡ ಇಲ್ಲ. ಅವಿದ್ದರೆ ಫಾರಸಿ ಎಂದೂ ಅನುಮಾನಿಸಬಹುದಿತ್ತು. ಬದಲಿಗೆ ಸಾಲುಸಾಲಾಗಿ ಪದಗಳ ಮೊದಲಿಗೆ ‘ಅಲ್’. ಅಂದರೆ ಅರಬ್ಬಿ. ಅರಬ್ಬಿಯಲ್ಲಿ ಶರಾಬ್ ಎಂದರೆ ಕುಡಿಯುವಂಥದ್ದು, ಔಷಧದ ಮೇಲಿದ್ದರೆ ಸಿರಪ್. ಸುಮ್ನೆ ಹೆದರಿದ್ದೆವು!

ಎರಡೇ ಪದಗಳ ಚೀಟಿಯಾಗಿದ್ದರೆ ಈ ಗುರುತುಗಳು ಸಾಲುತ್ತಿರಲಿಲ್ಲ. ಉರ್ದು, ಫಾರಸಿಯಲ್ಲೂ ಅರಬ್ಬಿ ಪದಗಳು ಬೇಕಾದಷ್ಟಿವೆ ಅಲ್ವಾ?

ಫೋನಿನಲ್ಲಿ ಅರಬ್ಬಿ ಆರಿಸಿದ ಮೇಲೆ ‘ಮಕ್ಕಳಿಗೆ’ ಎಂದು ಬಂತು. ಔಷಧದ ಹೆಸರು, ಪ್ರಮಾಣ ಮಾತ್ರ ಅರ್ಧಂಬರ್ಧ. ಅದಕ್ಕೇ ಯಾರಿಗೂ ಕುಡಿಸಲಿಲ್ಲ. ಮೈದುನನಿಗೆ ಫೋಟೋ ಕಳಿಸಿ, ಅಲ್ಲಿನ ಡಬ್ಬಿಯ ಇಂಗ್ಲಿಷ್ ಬದಿಯ ಚಿತ್ರ ತರಿಸಿಕೊಂಡು ಡಾಕ್ಟರಿಗೆ ತೋರಿಸಿದೆ.