ಮೂರು ಬಣ್ಣ, ಒಂದು ಪೆನ್ಸಿಲ್: ನೋಟ್ಸ್‌ಗೆ ಹೈಲೈಟರ್ ಹಾಕುವ ಬಗೆ

ಅಣ್ಣನ ಮಗಳು ಕಲಬುರಗಿಯಲ್ಲೇ ಡಿಗ್ರಿ ಮುಗಿಸಿ ಈಗ ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದಾಳೆ. ಒಂದು ಭಾನುವಾರ ತನ್ನ ಇತಿಹಾಸದ ನೋಟ್‌ಬುಕ್ ತಂದು ನನ್ನ ಮುಂದಿಟ್ಟಳು. ತೆರೆದರೆ ಹೋಳಿ ಹುಣ್ಣಿಮೆ. ಹಳದಿ, ಹಸಿರು, ಗುಲಾಬಿ, ಕಿತ್ತಳೆ, ನೀಲಿ. ಐದು ಬಣ್ಣದ ಹೈಲೈಟರ್ ಸೆಟ್ ತಂದಿದ್ದಳು, ಐದನ್ನೂ ಬಳಸಿದ್ದಳು.

"ಹಳದಿ ಅಂದ್ರ ಏನವ್ವ?" ಎಂದು ಕೇಳಿದೆ.

"ಇಂಪಾರ್ಟೆಂಟ್ ಅಂತ, ಕಾಕಾ."

"ಮತ್ತ ಹಸಿರು?"

ಸ್ವಲ್ಪ ಹೊತ್ತು ಪುಟ ನೋಡಿದಳು. "ಅವತ್ತು ಹಳದಿ ಕೈಗೆ ಸಿಕ್ಕಿರಲಿಲ್ರಿ."

ತೊಂದರೆ ಇರುವುದು ಇಲ್ಲೇ. 'ಮುಖ್ಯ' ಎನ್ನುವುದು ಬಣ್ಣಕ್ಕೆ ಕೊಡುವ ಅರ್ಥವೇ ಅಲ್ಲ. ನೋಟ್ಸ್ ಬರೆಯುವಾಗಲೇ ಮುಖ್ಯವಲ್ಲದ್ದನ್ನು ಬಿಟ್ಟಿರುತ್ತೇವೆ, ಅಲ್ವಾ? ಉಳಿದದ್ದೆಲ್ಲ ಮುಖ್ಯವೇ. ಹಾಗಾಗಿ ಎಲ್ಲದಕ್ಕೂ ಬಣ್ಣ ಬೀಳುತ್ತದೆ. ಸುತ್ತಲಿನದಕ್ಕಿಂತ ಬೇರೆಯಾಗಿ ಕಾಣುವ ಒಂದು ವಸ್ತು ನೆನಪಲ್ಲಿ ಚೆನ್ನಾಗಿ ಉಳಿಯುತ್ತದೆ ಎಂದು ಹೆಡ್ವಿಗ್ ಫಾನ್ ರೆಸ್ಟಾರ್ಫ್ ಎಂಬ ಮನೋವಿಜ್ಞಾನಿ 1933ರಲ್ಲೇ ತೋರಿಸಿದ್ದರು. ಇಡೀ ಪುಟ ಹಳದಿಯಾದರೆ ಅಲ್ಲಿ ಬೇರೆಯಾಗಿ ಕಾಣುವುದು ಬಣ್ಣ ಬೀಳದ ಸಾಲು ಮಾತ್ರ!

ಮೊದಲು ಬಣ್ಣಕ್ಕೊಂದು ಪ್ರಶ್ನೆ

ಸೆಟ್‌ನಿಂದ ಮೂರು ಪೆನ್ನು ತೆಗೆದುಕೊಳ್ಳಿ. ಉಳಿದವನ್ನು ಕಣ್ಣಿಗೆ ಕಾಣದ ಕಡೆ ಇಡಿ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಯಾವ ಬಣ್ಣಕ್ಕೆ ಏನು ಅರ್ಥ ಎಂದು ಬರೆದುಬಿಡಿ. ವಿಷಯಕ್ಕೊಂದು ಬಣ್ಣ ಬೇಡ. ಇತಿಹಾಸದ ಪುಸ್ತಕ ಕೈಯಲ್ಲಿದ್ದಾಗ ಅದು ಇತಿಹಾಸ ಎಂದು ಬಣ್ಣ ಹೇಳಬೇಕಾಗಿಲ್ಲ. ಆ ಸಾಲು ಯಾವ ಬಗೆಯ ಪ್ರಶ್ನೆಗೆ ಉತ್ತರ ಎಂಬುದನ್ನು ಬಣ್ಣ ಹೇಳಬೇಕು.

ನಾನು ಅವಳಿಗೆ ಕೊಟ್ಟದ್ದು ಹೀಗೆ. ಯಾರು, ಯಾವಾಗ, ಎಲ್ಲಿ ಎಂಬುದಕ್ಕೆ ಹಳದಿ. ಯಾಕೆ ಎಂಬುದಕ್ಕೆ ಹಸಿರು. ಗುಲಾಬಿ ಮಾತ್ರ ಓದುವಾಗ ಮುಟ್ಟುವ ಬಣ್ಣವಲ್ಲ. ಅದು ತಪ್ಪಿದ ಮೇಲೆ ಬರುವ ಬಣ್ಣ, ಅದರ ಮಾತು ಆಮೇಲೆ. ಶೀರ್ಷಿಕೆಗೆ ಬಣ್ಣ ಬೇಡ, ಪೆನ್ನಿನಲ್ಲಿ ಒಂದು ಚೌಕ ಹಾಕಿದರೆ ಸಾಕು.

ಮೊದಲ ಓದಿಗೆ ಹೈಲೈಟರ್ ಮುಚ್ಚಿರಲಿ

ಹೈಲೈಟರ್ ಬಣ್ಣ ಅಳಿಸಲು ಬರುವುದಿಲ್ಲ. ಮೊದಲ ಸಲ ಓದುವಾಗ ಮುಂದಿನ ಸಾಲಿನಲ್ಲಿ ಏನಿದೆ ಎಂದು ನಮಗೆ ಗೊತ್ತಿರುವುದಿಲ್ಲ, ಅದಕ್ಕೇ ಕಂಡದ್ದೆಲ್ಲ ದೊಡ್ಡದಾಗಿ ಕಾಣುತ್ತದೆ. ಹಾಗಾಗಿ ಮೊದಲ ಓದು ಪೆನ್ಸಿಲ್‌ನದು. ಅನುಮಾನ ಬಂದಲ್ಲಿ ಪದದ ಕೆಳಗೆ ಸಣ್ಣ ಗೆರೆ ಎಳೆಯಿರಿ. ಇಡೀ ಪಾಠ ಮುಗಿಯಲಿ. ಮರುದಿನ ಕೂತು, ಪೆನ್ಸಿಲ್ ಗೆರೆ ಇರುವ ಕಡೆ ಮಾತ್ರ ನೋಡಿ, ಯಾವುದಕ್ಕೆ ಬಣ್ಣ ಬೇಕು ಎಂದು ತೀರ್ಮಾನಿಸಿ. ಉಳಿದ ಗೆರೆಗಳನ್ನು ಅಳಿಸಿ.

ಅವಳ ನೋಟ್ಸ್‌ನ ಒಂದು ಪ್ಯಾರಾ ತೆಗೆದುಕೊಂಡೇ ಮಾಡಿ ನೋಡಿದೆವು. ಅವಳು ಬರೆದದ್ದು ಇಷ್ಟು:

"ಬಹಮನಿ ರಾಜ್ಯವನ್ನು 1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಷಾ ಸ್ಥಾಪಿಸಿದನು. ದೆಹಲಿಯ ಮಹಮ್ಮದ್ ಬಿನ್ ತುಘಲಕನ ವಿರುದ್ಧ ದಖ್ಖನಿನ ಅಮೀರರು ದಂಗೆ ಎದ್ದದ್ದು ಇದಕ್ಕೆ ಕಾರಣ. ಮೊದಲ ರಾಜಧಾನಿ ಕಲಬುರಗಿ. ಮುಂದೆ ಅಹಮದ್ ಷಾ ರಾಜಧಾನಿಯನ್ನು ಬೀದರಿಗೆ ಸಾಗಿಸಿದನು. ಪ್ರಧಾನಿ ಮಹಮೂದ್ ಗವಾನ್ 1472ರಲ್ಲಿ ಬೀದರಿನಲ್ಲಿ ಮದರಸಾ ಕಟ್ಟಿಸಿದನು. ದಖ್ಖನಿಗಳು ಮತ್ತು ಅಫಾಖಿಗಳ ನಡುವಿನ ದ್ವೇಷದಿಂದ ಅವನ ಮೇಲೆ ಸುಳ್ಳು ಪತ್ರದ ಆರೋಪ ಬಂದು 1481ರಲ್ಲಿ ಮರಣದಂಡನೆ ಆಯಿತು. ಆಮೇಲೆ ರಾಜ್ಯ ಐದು ಭಾಗವಾಯಿತು."

ಮೊದಲು ಇದರಲ್ಲಿ ಬಣ್ಣ ಬೀಳದೆ ಉಳಿದದ್ದು 'ಆಮೇಲೆ', 'ಮತ್ತು' ಇಂಥವು ಮಾತ್ರ. ಹೊಸ ಹಾಳೆಯಲ್ಲಿ ಮತ್ತೆ ಬರೆಸಿದೆ. ಮೊದಲ ರಾಜಧಾನಿ ಕಲಬುರಗಿ ಎಂಬಲ್ಲಿ ಅವಳ ಕೈ ತಾನಾಗಿ ಹಳದಿಯ ಕಡೆ ಹೋಯಿತು.

"ಇದನ್ನ ಮರೀತೀಯೇನು?"

"ದಿನಾ ಕೋಟಿ ಮುಂದಿಂದನೇ ಹೋಗ್ತೀನಲ್ರಿ, ಹ್ಯಾಂಗ ಮರೀಲಿ?"

ಮರೆಯದ್ದಕ್ಕೆ ಬಣ್ಣ ಬೇಡ. ಈ ಒಂದು ಮಾತಿನಿಂದಲೇ ಅರ್ಧ ಗೆರೆಗಳು ಹೋದವು. ಕೊನೆಗೆ ಹಳದಿ ಬಿದ್ದದ್ದು 1347, ಹಸನ್ ಬಹಮನ್ ಷಾ, ಅಹಮದ್ ಷಾ, 1472, 1481 ಇವಕ್ಕೆ. ಹಸಿರು ಎರಡೇ ಕಡೆ: 'ಅಮೀರರು ದಂಗೆ' ಮತ್ತು 'ಸುಳ್ಳು ಪತ್ರದ ಆರೋಪ'. ಪ್ಯಾರಾದಲ್ಲಿ 53 ಪದಗಳಿವೆ, ಬಣ್ಣ ಸಿಕ್ಕಿದ್ದು 13ಕ್ಕೆ. ಸುಮಾರು ಕಾಲು ಭಾಗ. ಇದಕ್ಕಿಂತ ಜಾಸ್ತಿಯಾದರೆ ನಾನು ಅನುಮಾನ ಪಡುತ್ತೇನೆ.

ಸರಿಯಾಗಿದೆಯಾ ಎಂದು ತಿಳಿಯಲು ಒಂದು ಪರೀಕ್ಷೆ ಇದೆ. ಬಣ್ಣ ಬಿದ್ದದ್ದನ್ನು ಮಾತ್ರ ಜೋರಾಗಿ ಓದಿ. ಅಷ್ಟರಿಂದ ಇಡೀ ಪ್ಯಾರಾದ ಕಥೆ ಹೇಳಲು ಆಗಬೇಕು. ಆಗದಿದ್ದರೆ ತಪ್ಪು ಪದಕ್ಕೆ ಬಣ್ಣ ಬಿದ್ದಿದೆ. ಸಾಮಾನ್ಯವಾಗಿ ನಾವು 'ಸ್ಥಾಪಿಸಿದನು', 'ಕಾರಣ' ಎಂಬ ಪದಗಳಿಗೂ ಬಣ್ಣ ಎಳೆದಿರುತ್ತೇವೆ. ಕೈ ಸಾಲಿನ ಕೊನೆ ಮುಟ್ಟುವ ತನಕ ನಿಲ್ಲುವುದಿಲ್ಲ, ಅಷ್ಟೇ. ಪದ ಮುಗಿದಲ್ಲಿ ಪೆನ್ನು ಎತ್ತುವುದನ್ನು ಬೇಕೆಂದೇ ರೂಢಿ ಮಾಡಿಕೊಳ್ಳಬೇಕು.

ಗುಲಾಬಿಗೆ ಅರ್ಹತೆ ಬೇಕು

ಓದುವ ವಿಧಾನಗಳ ಬಗ್ಗೆ ನಡೆದ ಸಂಶೋಧನೆಗಳನ್ನು ಒಟ್ಟಿಗೆ ನೋಡಿ, ಜಾನ್ ಡನ್‌ಲಾಸ್ಕಿ ಮತ್ತು ಜೊತೆಗಾರರು 2013ರಲ್ಲಿ ಒಂದು ವಿಮರ್ಶೆ ಪ್ರಕಟಿಸಿದರು. ಅದರಲ್ಲಿ ಹೈಲೈಟ್ ಮಾಡುವುದಕ್ಕೆ ಸಿಕ್ಕಿದ್ದು ಕೆಳಗಿನ ಸ್ಥಾನ. ನಮ್ಮನ್ನು ನಾವೇ ಪರೀಕ್ಷಿಸಿಕೊಳ್ಳುವುದಕ್ಕೆ, ಮತ್ತು ದಿನಗಳ ಅಂತರ ಬಿಟ್ಟು ಮತ್ತೆ ಓದುವುದಕ್ಕೆ ಮೇಲಿನ ಸ್ಥಾನ. ಹಾಗಂತ ಪೆನ್ನು ಎಸೆಯಬೇಕಾಗಿಲ್ಲ. ಬಣ್ಣವನ್ನು ಆ ಸ್ವಂತ ಪರೀಕ್ಷೆಗೆ ಕಟ್ಟಿಹಾಕಿದರೆ ಆಯಿತು. ಗುಲಾಬಿ ಇರುವುದು ಅದಕ್ಕೇ.

ಬಣ್ಣ ಹಾಕಿದ ಮರುದಿನ ನೋಟ್‌ಬುಕ್ ಮುಚ್ಚಿ, ನೆನಪಿನಿಂದ ಒಂದು ಹಾಳೆಯಲ್ಲಿ ಉತ್ತರ ಬರೆಯಿರಿ. ಆಮೇಲೆ ತೆರೆದು ಹೋಲಿಸಿ. ತಪ್ಪಿದ ಕಡೆ ಗುಲಾಬಿ. ನಮ್ಮ ಹುಡುಗಿ ರಾಜಧಾನಿ ಬೀದರಿಗೆ ಸಾಗಿಸಿದವನು ಫಿರೋಜ್ ಷಾ ಎಂದು ಬರೆದಿದ್ದಳು. ಫಿರೋಜ್ ಷಾ ಅಹಮದ್ ಷಾನ ಅಣ್ಣ, ಅವನಿಗಿಂತ ಮೊದಲು ಆಳಿದವನು. ಹಾಗಾಗಿ ಈ ಗೊಂದಲ ಸಹಜ. ಆದರೆ ಎಷ್ಟೇ ಸಲ ಹಳದಿ ನೋಡಿದ್ದರೂ ಈ ಗೊಂದಲ ಕಾಣಿಸುತ್ತಿರಲಿಲ್ಲ.

ಇಲ್ಲೊಂದು ಎಚ್ಚರ. ಹಳದಿಯ ಮೇಲೆಯೇ ಗುಲಾಬಿ ಬಳಿಯಬೇಡಿ. ಎರಡೂ ಸೇರಿ ಕಿತ್ತಳೆಯಾಗುತ್ತದೆ, ಜೊತೆಗೆ ಪೆನ್ನಿನ ತುದಿಯೂ ಕೊಳೆಯಾಗುತ್ತದೆ. ಸಾಲಿನ ಪಕ್ಕದ ಮಾರ್ಜಿನ್‌ನಲ್ಲಿ ಬೆರಳಗಲ ಒಂದು ಗುಲಾಬಿ ಪಟ್ಟಿ ಎಳೆಯಿರಿ. ಅದರ ಮೇಲೆ ಪೆನ್ಸಿಲ್‌ನಲ್ಲಿ 'ಫಿರೋಜ್ ಅಲ್ಲ' ಎಂದು ಬರೆಯಿರಿ. ಏನು ತಪ್ಪಿತು ಎಂದು ಬರೆಯದ ಗುಲಾಬಿ ಒಂದು ತಿಂಗಳ ನಂತರ ಬರೀ ಗುಲಾಬಿ.

ಬೇರೆ ಬೇರೆ ಮೂರು ದಿನ ಅದೇ ಉತ್ತರ ಸರಿ ಬಂದರೆ ಪಟ್ಟಿಯ ಮೇಲೆ ಒಂದು ಟಿಕ್. ಒಂದೇ ದಿನ ಮೂರು ಸಲ ಹೇಳಿದ್ದು ಲೆಕ್ಕಕ್ಕಿಲ್ಲ. ಪರೀಕ್ಷೆಯ ಹಿಂದಿನ ವಾರ ಟಿಕ್ ಇಲ್ಲದ ಗುಲಾಬಿಗಳನ್ನು ಮಾತ್ರ ತಿರುವಿ ಹಾಕಿದರೆ ಆಯಿತು. ಇಡೀ ಪುಸ್ತಕ ಓದುವ ಗಡಿಬಿಡಿ ಇರುವುದಿಲ್ಲ.

ಗಣಿತ, ರೀಸನಿಂಗ್‌ಗೆ ಹಳದಿ-ಹಸಿರು ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ತಪ್ಪಿದ ಹೆಜ್ಜೆಯ ಪಕ್ಕ ಗುಲಾಬಿ ಇದ್ದರೆ ಸಾಕು.

ಹಾಳೆ, ಪೆನ್ನು, ಜೆರಾಕ್ಸ್

ಜೆಲ್ ಪೆನ್ನಿನಲ್ಲಿ ಬರೆದ ತಕ್ಷಣ ಹೈಲೈಟರ್ ಎಳೆದರೆ ಅಕ್ಷರ ಕದಡುತ್ತದೆ, ತುದಿ ಕಪ್ಪಾಗುತ್ತದೆ. ಬಾಲ್‌ಪೆನ್ನಿನ ಇಂಕು ಎಣ್ಣೆಯದು, ನೀರಿನ ಹೈಲೈಟರ್‌ಗೆ ಅಷ್ಟು ಸುಲಭವಾಗಿ ಕದಡುವುದಿಲ್ಲ. ಮರುದಿನ ಬಣ್ಣ ಹಾಕುವ ಪದ್ಧತಿಯಿಂದ ಜೆಲ್ ಒಣಗಲು ಹೊತ್ತೂ ಸಿಗುತ್ತದೆ. ತುದಿ ಕೊಳೆಯಾದರೆ ರದ್ದಿ ಕಾಗದದ ಮೇಲೆ ನಾಲ್ಕು ಸಲ ಎಳೆಯಿರಿ, ಬಿಟ್ಟುಹೋಗುತ್ತದೆ. ತೆಳು ಹಾಳೆಯಲ್ಲಿ ಬಣ್ಣ ಹಿಂದಿನ ಪುಟಕ್ಕೆ ಇಳಿಯುತ್ತದೆ. ಕೊನೆಯ ಪುಟದಲ್ಲಿ ಮೊದಲೇ ಒಂದು ಗೆರೆ ಎಳೆದು ತಿರುಗಿಸಿ ನೋಡಿ. ಇಳಿದರೆ ಪದದ ಮೇಲೆ ಬಳಿಯದೆ ತುದಿಯ ಅಂಚಿನಿಂದ ಕೆಳಗೆ ತೆಳು ಗೆರೆ ಎಳೆಯಿರಿ. ನಮ್ಮ ಕಡೆಯ ಏಪ್ರಿಲ್-ಮೇ ಬಿಸಿಲಲ್ಲಿ ಮುಚ್ಚಳ ತೆಗೆದಿಟ್ಟ ಪೆನ್ನು ಬೇಗ ಒಣಗುತ್ತದೆ. ಕಿಟಕಿ ಪಕ್ಕ ಬಿಸಿಲಿಗೆ ತೆರೆದಿಟ್ಟ ಪುಟದ ಬಣ್ಣವೂ ಮಾಸುತ್ತದೆ.

ಜೆರಾಕ್ಸ್ ಮಾತು ಹೇಳಲೇಬೇಕು, ಯಾಕೆಂದರೆ ಒಬ್ಬರ ನೋಟ್ಸ್ ನಾಲ್ಕು ಜನರ ಕೈಗೆ ಹೋಗುವುದು ನಮ್ಮಲ್ಲಿ ಮಾಮೂಲು. ಕಪ್ಪು-ಬಿಳುಪು ಜೆರಾಕ್ಸ್‌ನಲ್ಲಿ ಹಳದಿ ಸಾಮಾನ್ಯವಾಗಿ ಕಾಣುವುದೇ ಇಲ್ಲ. ಹಸಿರು, ಗುಲಾಬಿ ಎರಡೂ ಬೂದು ನೆರಳಾಗಿ ಬರುತ್ತವೆ, ಯಾವುದು ಯಾವುದೋ ಗೊತ್ತಾಗುವುದಿಲ್ಲ. ಕಡು ನೀಲಿಯಾದರೆ ಅಕ್ಷರವೇ ಮುಚ್ಚಿಹೋಗಬಹುದು. ಅದಕ್ಕೆ ಹಸಿರಿನ ಪಕ್ಕ ಮಾರ್ಜಿನ್‌ನಲ್ಲಿ 'ಯಾಕೆ' ಎಂದು ಸಣ್ಣದಾಗಿ ಬರೆಯುವುದು ಒಳ್ಳೆಯದು. ಹಸಿರು-ಕೆಂಪು ಬಣ್ಣಗಳನ್ನು ಬೇರೆ ಮಾಡಿ ಗುರುತಿಸಲು ಕಷ್ಟವಾಗುವ ಹುಡುಗರಿಗೂ ಇದೇ ಆಸರೆ.

ಈಗಾಗಲೇ ಹೋಳಿಯಾಡಿದ ಪುಸ್ತಕಕ್ಕೆ ಏನು ಮಾಡುವುದು? ಅದನ್ನು ಸರಿಮಾಡಲು ಹೋಗಬೇಡಿ. ಮೇಲೆ ಇನ್ನೊಂದು ಬಣ್ಣ ಹಾಕಿದರೆ ಇನ್ನೂ ಕೆಡುತ್ತದೆ. ಪಾಠಕ್ಕೊಂದು ಬಿಳಿ ಹಾಳೆ ತೆಗೆದುಕೊಂಡು, ಹಳೆ ಪುಟ ಒಮ್ಮೆ ಓದಿ ಮುಚ್ಚಿ, ನೆನಪಿದ್ದಷ್ಟನ್ನು ಸ್ವಂತ ಮಾತಲ್ಲಿ ಬರೆಯಿರಿ. ಬಿಟ್ಟುಹೋದದ್ದನ್ನು ಆಮೇಲೆ ನೋಡಿ ಸೇರಿಸಿ. ಸೇರಿಸಿದ ಸಾಲುಗಳ ಪಕ್ಕ ನೇರವಾಗಿ ಗುಲಾಬಿ ಪಟ್ಟಿ ಎಳೆಯಬಹುದು, ನೆನಪು ಕೈಕೊಟ್ಟದ್ದು ಅಲ್ಲೇ ತಾನೆ. ಬಹಮನಿ ಪಾಠಕ್ಕೆ ನಮ್ಮ ಹುಡುಗಿಗೆ ಮುಕ್ಕಾಲು ಗಂಟೆ ಹಿಡಿಯಿತು, ಹಾಳೆಯಲ್ಲಿ ಒಂಬತ್ತು ಗುಲಾಬಿ ಪಟ್ಟಿ ಬಂದವು. ಮುಖ ಸಣ್ಣದು ಮಾಡಿಕೊಂಡು ಎಣಿಸಿದಳು. ಉಳಿದಿದ್ದ ಕಿತ್ತಳೆ, ನೀಲಿ ಪೆನ್ನುಗಳನ್ನು ತಮ್ಮನಿಗೆ ಕೊಟ್ಟುಬಿಟ್ಟಳು. ಅವನು ಅವತ್ತೇ ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ರಜೆಗಳಿಗೆಲ್ಲ ಕಿತ್ತಳೆ ಹಚ್ಚಿ ಮುಗಿಸಿದ.