ಶಿಶು ಮರಣ ದರದ ಲೆಕ್ಕ: ಗೆರೆಯ ಕೆಳಗೆ ಏನು ಬರೆಯಬೇಕು?

ಸಮುದಾಯ ಆರೋಗ್ಯ ಪೇಪರ್‌ನಲ್ಲಿ ಜನನ ದರ, ಮರಣ ದರದ ಲೆಕ್ಕ ತಪ್ಪುವುದು ಗುಣಿಸುವಾಗ ಅಲ್ಲ. ಯಾವುದನ್ನು ಯಾವುದರಿಂದ ಭಾಗಿಸಬೇಕು ಅನ್ನುವಲ್ಲೇ ಜಾಸ್ತಿ ಜನ ಎಡವುತ್ತಾರೆ. ಒಂದು ಪ್ರಶ್ನೆ ಹಿಡಿದೇ ನೋಡೋಣ.

ಒಂದು ಪ್ರದೇಶದಲ್ಲಿ ಜನವರಿ 1ಕ್ಕೆ 39,600 ಜನ, ಡಿಸೆಂಬರ್ 31ಕ್ಕೆ 40,400 ಜನ. ಆ ವರ್ಷ ಒಟ್ಟು 730 ಜನನ. ಅದರಲ್ಲಿ 10 ಮಕ್ಕಳು ಹುಟ್ಟುವಾಗಲೇ ಜೀವ ಇರಲಿಲ್ಲ. ತೀರಿಕೊಂಡ ಮಕ್ಕಳು 19. ಅವರಲ್ಲಿ 12 ಮಕ್ಕಳಿಗೆ 28 ದಿನ ತುಂಬಿರಲಿಲ್ಲ, ಒಂದು ಮಗುವಿಗೆ 13 ತಿಂಗಳಾಗಿತ್ತು.

ಮೊದಲು ಅಂಕಿಗಳನ್ನು ಸೋಸಿಕೊಳ್ಳಿ. ಜೀವಂತ ಜನನ 730 − 10 = 720. ಶಿಶು ಅಂದರೆ ಒಂದು ವರ್ಷ ತುಂಬದ ಮಗು. ಹಾಗಾಗಿ 13 ತಿಂಗಳ ಮಗುವನ್ನು ಬಿಟ್ಟರೆ ಶಿಶು ಮರಣ 18. ಜನಸಂಖ್ಯೆ ವರ್ಷವಿಡೀ ಬದಲಾಗುತ್ತದೆ, ಅಲ್ವಾ? ಅದಕ್ಕೇ ವರ್ಷದ ನಡುವಿನದನ್ನು ಹಿಡಿಯುತ್ತೇವೆ: (39,600 + 40,400) ÷ 2 = 40,000.

ಜನನ ದರ ಸುಲಭ:

720 ÷ 40,000 × 1000 = 18

ಸಾವಿರ ಜನರಿಗೆ 18 ಅಂತ ಪೂರ್ತಿ ಬರೆಯಿರಿ. ಸುಮ್ನೆ 18 ಅಂದರೆ ಅರ್ಥವಿಲ್ಲ.

ಶಿಶು ಮರಣ ದರಕ್ಕೆ ಬಂದಾಗ ಕೈ ತಾನಾಗಿ ಮತ್ತೆ 40,000 ಬರೆದುಬಿಡುತ್ತದೆ. ಆಗ ಉತ್ತರ 0.45 ಬರುತ್ತದೆ. ಒಂದಕ್ಕಿಂತ ಕಡಿಮೆ ಬಂತು ಅಂದರೆ ಅಲ್ಲೇ ನಿಂತು ಛೇದವನ್ನು ನೋಡಿ. ಸಾಯುವ ಅಪಾಯ ಇದ್ದದ್ದು ಜೀವಂತವಾಗಿ ಹುಟ್ಟಿದ ಮಕ್ಕಳಿಗೆ, ಊರಿನ ಎಲ್ಲರಿಗೂ ಅಲ್ಲ. ಆದ್ದರಿಂದ:

18 ÷ 720 × 1000 = 25

ಸಾವಿರ ಜೀವಂತ ಜನನಕ್ಕೆ 25. ಇದರಲ್ಲೂ ಒಂದು ಸೂಕ್ಷ್ಮ ಇದೆ. ಹಿಂದಿನ ನವೆಂಬರಿನಲ್ಲಿ ಹುಟ್ಟಿ ಈ ಫೆಬ್ರವರಿಯಲ್ಲಿ ತೀರಿಕೊಂಡ ಮಗು ಈ ವರ್ಷದ ಸಾವಿನಲ್ಲಿ ಸೇರುತ್ತದೆ, ಈ ವರ್ಷದ ಜನನದಲ್ಲಿ ಸೇರುವುದಿಲ್ಲ. ಜನನಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಹೆಚ್ಚು ಏರುಪೇರಾಗದಿದ್ದರೆ ಇದರಿಂದ ದೊಡ್ಡ ವ್ಯತ್ಯಾಸ ಬರುವುದಿಲ್ಲ.

ಈಗ ಇದೇ 25ನ್ನು ಒಡೆದು ನೋಡಿ. 28 ದಿನದೊಳಗಿನ ನವಜಾತ ಶಿಶು ಮರಣ ದರ 12 ÷ 720 × 1000 = 16.7. ಉಳಿದ 6 ಮಕ್ಕಳದ್ದು 8.3. ಎರಡೂ ಕೂಡಿದರೆ 25 ಬರಬೇಕು, ಬಂತು. ಸರಿಯಾಗಿ 28ನೇ ದಿನ ತುಂಬಿದ ಮಗು ಎರಡನೇ ಗುಂಪಿಗೆ ಹೋಗುತ್ತದೆ. ಈ ಒಡೆಯುವಿಕೆ ಬರೀ ಅಂಕಕ್ಕಲ್ಲ. ಮೊದಲ ಭಾಗ ಹೆಚ್ಚಿದ್ದರೆ ಅವಧಿಗೆ ಮುಂಚಿನ ಹೆರಿಗೆ, ಹೆರಿಗೆ ವೇಳೆಯ ಉಸಿರಾಟದ ತೊಂದರೆ ಕಡೆ ನೋಡಬೇಕು. ಎರಡನೆಯದು ಹೆಚ್ಚಿದ್ದರೆ ಭೇದಿ, ನ್ಯುಮೋನಿಯಾ ಕಡೆ.

ಚಿಕ್ಕ ಹಳ್ಳಿಯ ಲೆಕ್ಕ ಕೊಟ್ಟರೆ ಹುಷಾರು. ವರ್ಷಕ್ಕೆ 40 ಜನನ ಇರುವಲ್ಲಿ ಒಂದು ಸಾವಿಗೆ ದರ 25, ಎರಡಾದರೆ 50. ಒಂದೇ ಮಗುವಿನಿಂದ ದರ ಇಮ್ಮಡಿಯಾಯಿತು. ಇಂಥಲ್ಲಿ ಮೂರು ವರ್ಷದ ಸಾವುಗಳನ್ನೆಲ್ಲ ಕೂಡಿಸಿ, ಮೂರು ವರ್ಷದ ಜೀವಂತ ಜನನಗಳನ್ನೂ ಕೂಡಿಸಿ, ಆಮೇಲೆ ಭಾಗಿಸಿ. ಮೂರು ದರಗಳ ಸರಾಸರಿ ತೆಗೆಯಬೇಡಿ.