ಗೂಂಡಾ ಕಾಯ್ದೆಯ ಆದೇಶ ಬಿದ್ದದ್ದು ಮನವಿಯ ತಾರೀಖಿನಿಂದ

1985ರ ನಮ್ಮ ಗೂಂಡಾ ಕಾಯ್ದೆಯಲ್ಲಿ ವಿಚಾರಣೆಯೇ ಇಲ್ಲದೆ 12 ತಿಂಗಳವರೆಗೆ ಒಳಗಿಡಬಹುದು. ಇದರ ವಿರುದ್ಧ ಬಂಧಿತನನ್ನು ಬಿಡಿಸಲು ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕುವವರಲ್ಲಿ ಬಹುತೇಕರು 'ಕೇಸುಗಳೆಲ್ಲ ಸುಳ್ಳು' ಎಂದು ವಾದಿಸಿ ಸೋಲುತ್ತಾರೆ. ಮೊದಮೊದಲು ನಾನೂ ಸೋತಿದ್ದೇನೆ. ಡಿಸಿ ಅಥವಾ ಕಮಿಷನರ್‌ಗೆ ಮನವರಿಕೆ ಆಗಿದೆ ಎಂದ ಮೇಲೆ ಪುರಾವೆ ಸಾಕಿತ್ತೇ ಎಂದು ಹೈಕೋರ್ಟು ಅಪೀಲಿನ ಹಾಗೆ ತೂಗಿ ನೋಡುವುದಿಲ್ಲ. ತಾರೀಖು ಹಿಡಿದು ಹೊರಟಾಗ 'ಗುಮಾಸ್ತರ ಲೆಕ್ಕ' ಎಂದು ನಕ್ಕ ಸೀನಿಯರುಗಳಿದ್ದರು. ಆ ಲೆಕ್ಕವೇ ಕೈಹಿಡಿಯಿತು.

ಕಡತ ಬಂದ ಕೂಡಲೇ ಒಂದು ಹಾಳೆಯಲ್ಲಿ ತಾರೀಖು ಬರೆದುಕೊಳ್ಳಿ. ಬಂಧನದ ಕಾರಣಗಳನ್ನು 5 ದಿನದೊಳಗೆ ಕೊಡಬೇಕು. ಸರ್ಕಾರ 12 ದಿನದೊಳಗೆ ಅನುಮೋದಿಸಬೇಕು. ಬಂಧನಕ್ಕೆ ಸಾಕಷ್ಟು ಕಾರಣವಿದೆಯೇ ಎಂದು ನೋಡುವ ಸಲಹಾ ಮಂಡಳಿಗೆ ಮೂರು ವಾರದೊಳಗೆ ಕಳಿಸಬೇಕು, ಮಂಡಳಿ ಬಂಧನದ ದಿನದಿಂದ ಏಳು ವಾರದೊಳಗೆ ವರದಿ ಕೊಡಬೇಕು. ಈ ಗಡುವುಗಳನ್ನು ಇಲಾಖೆ ಸಾಮಾನ್ಯವಾಗಿ ತಪ್ಪಿಸುವುದಿಲ್ಲ, ಅವರ ಬಳಿಯೂ ಇದೇ ಪಟ್ಟಿ ಇರುತ್ತದೆ. ಎಡವುವುದು ಆದೇಶ ರದ್ದು ಮಾಡಿ ಎಂದು ಬಂಧಿತ ಸರ್ಕಾರಕ್ಕೆ ಕೊಡುವ ಮನವಿಯ ವಿಷಯದಲ್ಲಿ. ಅದಕ್ಕೆ ಕಾಯ್ದೆಯಲ್ಲಿ ದಿನದ ಲೆಕ್ಕವಿಲ್ಲ. ಸಂವಿಧಾನದ 22(5)ನೇ ವಿಧಿಯ ಪ್ರಕಾರ ಆದಷ್ಟು ಬೇಗ ಪರಿಶೀಲಿಸಬೇಕು, ತಡವಾದ ಪ್ರತಿ ದಿನಕ್ಕೂ ವಿವರಣೆ ಇರಬೇಕು.

ಒಂದು ಕಡತದ ಲೆಕ್ಕ ಹೀಗಿತ್ತು, ತಾರೀಖು ಒಂದೆರಡು ದಿನ ಆಚೀಚೆ ಇರಬಹುದು. ಮಾರ್ಚ್ 3ಕ್ಕೆ ಆದೇಶ, ಅಂದೇ ಬಂಧನ. 9ಕ್ಕೆ ಜೈಲು ಸೂಪರಿಂಟೆಂಡೆಂಟರ ಕೈಗೆ ಮನವಿ ಕೊಟ್ಟು, ಸೀಲು ಸಹಿ ಇರುವ ಪ್ರತಿ ಪಡೆದದ್ದಾಯಿತು. 11ಕ್ಕೆ ಅದು ಗೃಹ ಇಲಾಖೆಗೆ ತಲುಪಿತು. ಪೊಲೀಸರ ಅಭಿಪ್ರಾಯ 16ಕ್ಕೇ ಬಂದಿತ್ತು. ಮಂಡಳಿಗೆ ಕಳಿಸಿದ್ದು 22ಕ್ಕೆ. ಮನವಿ ತಿರಸ್ಕರಿಸಿದ್ದು ಏಪ್ರಿಲ್ 26ಕ್ಕೆ! ನಡುವಿನ 41 ದಿನ ಫೈಲು ಎಲ್ಲಿತ್ತು? 'ಮಂಡಳಿಯ ವರದಿಗೆ ಕಾಯುತ್ತಿದ್ದೆವು' ಎಂದರು.

ಗೆದ್ದದ್ದು ಇಲ್ಲೇ. ಸುಪ್ರೀಂ ಕೋರ್ಟಿನ ಅಬ್ದುಲ್ಲಾ ಕುಂಞಿ ತೀರ್ಪಿನ (1991) ಪ್ರಕಾರ, ಮಂಡಳಿಗೆ ಕಳಿಸಿದ ಮೇಲೆ ಮನವಿ ಬಂದರೆ ಸರ್ಕಾರ ಕಾಯಬಹುದು. ಸಾಕಷ್ಟು ಮೊದಲೇ ಬಂದಿದ್ದರೆ ಕಳಿಸುವ ಮುನ್ನವೇ ತೀರ್ಮಾನಿಸಬೇಕು. ಹಾಗಾಗಿ ಮನವಿ ಚೆನ್ನಾಗಿ ಬರೆಯುತ್ತೇನೆಂದು ಮೂರು ವಾರ ಕೂತರೆ ಅಸ್ತ್ರ ನೀವೇ ಕೈಬಿಟ್ಟ ಹಾಗೆ. ಎರಡು ಪುಟ ಸಾಕು, ಮೊದಲ ವಾರದಲ್ಲೇ ಹೋಗಲಿ.

ಅದರ ಜೊತೆಗೇ ಆದೇಶ ಮಾಡಿದ ಅಧಿಕಾರಿಗೂ ಬೇರೆ ಮನವಿ ಕೊಡಿ. ಸರ್ಕಾರ ಅನುಮೋದಿಸುವ ತನಕ ಹಿಂಪಡೆಯುವ ಅಧಿಕಾರ ಅವರಿಗೂ ಇರುತ್ತದೆ. ಈ ಹಕ್ಕಿದೆ ಎಂದು ಬಂಧಿತನಿಗೆ ತಿಳಿಸದಿದ್ದರೆ ಆದೇಶ ನಿಲ್ಲದು ಎಂದು ಮಹಾರಾಷ್ಟ್ರದ ಇಂಥದೇ ಕಾಯ್ದೆಯ ಮೇಲೆ ಸಂತೋಷ್ ಶಂಕರ್ ಆಚಾರ್ಯ ಪ್ರಕರಣದಲ್ಲಿ (2000) ಸುಪ್ರೀಂ ಕೋರ್ಟು ಹೇಳಿದೆ. ಕಾರಣಗಳ ಪ್ರತಿಯ ಕೊನೆಯ ಪ್ಯಾರಾ ಓದಿ. ಬರೀ 'ಸರ್ಕಾರಕ್ಕೆ, ಮಂಡಳಿಗೆ' ಎಂದಿದ್ದರೆ ಕೆಂಪು ಗೆರೆ ಎಳೆಯಿರಿ.

ಇನ್ನು ಕಾಗದಗಳು. ಆ ಕಡತದಲ್ಲಿ ಮುನ್ನೂರು ಚಿಲ್ಲರೆ ಪುಟ. ಎಫ್ಐಆರ್ ಕನ್ನಡದಲ್ಲಿ, ಆದರೆ ಆಧಾರವಾಗಿ ಹಿಡಿದ ಜಾಮೀನು ಆದೇಶ ಇಂಗ್ಲಿಷಿನಲ್ಲಿ. ಕನ್ನಡ ಮಾತ್ರ ಓದಬಲ್ಲವನಿಗೆ ಅನುವಾದ ಕೊಟ್ಟಿರಲಿಲ್ಲ. ಒಂದು ಪಂಚನಾಮೆಯ ಕೆಳಗಿನ ಅರ್ಧ ಜೆರಾಕ್ಸಿನಲ್ಲಿ ಕಾಡಿಗೆ ಬಳಿದಂತಿತ್ತು, ಪಂಚರ ಸಹಿಯೇ ಕಾಣದು. ಪುಟಸಂಖ್ಯೆ ನಮೂದಿಸಿ ಓದಲಾಗುವ ಪ್ರತಿ ಮತ್ತು ಅನುವಾದ ಕೇಳಿ ಜೈಲಿನಿಂದಲೇ ಬರೆಸಬೇಕು. ಆದೇಶಕ್ಕೆ ಆಧಾರವಾದ ದಾಖಲೆಗೆ ಮಾತ್ರ ಈ ವಾದ ನಡೆಯುತ್ತದೆ, ಸುಮ್ಮನೆ ಪ್ರಸ್ತಾಪವಾದ ದಾಖಲೆಗೆ ನಡೆಯುವುದಿಲ್ಲ. ಆ ವ್ಯತ್ಯಾಸ ಮರೆತು ಒಮ್ಮೆ ಪೀಠದ ಮುಂದೆ ಬೈಸಿಕೊಂಡದ್ದೂ ಇದೆ.

ಇನ್ನೊಂದು ಪ್ರಯೋಗವೂ ಮಾಡಿ ನೋಡಿದ್ದಾಯಿತು. 'ಮೊದಲ ಆದೇಶ ಮೂರು ತಿಂಗಳು ಮೀರಬಾರದು' ಎಂಬ ಚೆರುಕುರಿ ಮಣಿ ತೀರ್ಪು (2014) ಹಿಡಿದು ಕೆಲಕಾಲ ಎಲ್ಲರೂ ಓಡಾಡಿದೆವು. 2023ರಲ್ಲಿ ಪೇಸಲ ನೂಕರಾಜು ತೀರ್ಪು ಬಂದು ಆ ಬಾಗಿಲು ಮುಚ್ಚಿತು. ಈಗಲೂ ಹಳೆ ಅರ್ಜಿಯಿಂದ ಆ ಪ್ಯಾರಾ ಕಾಪಿ ಮಾಡುವವರಿದ್ದಾರೆ.

ಖರ್ಚು? ಫೀಸು ಬಿಟ್ಟರೆ ಜೆರಾಕ್ಸು, ಟೈಪಿಂಗು, ಅನುವಾದ, ಮನೆಯವರು ಜೈಲಿಗೂ ಬೆಂಗಳೂರಿಗೂ ಓಡಾಡಿದ್ದು ಸೇರಿ ಹದಿನೈದು ಸಾವಿರದ ಆಸುಪಾಸು. ಅನುವಾದದವರೇ ಅರ್ಧ ನುಂಗಿದರು. ಮಂಡಳಿಯ ಮುಂದೆ ವಕೀಲರನ್ನು ಹಕ್ಕಾಗಿ ಕೇಳುವಂತಿಲ್ಲ, ಆ ಫೀಸು ಉಳಿಯಿತು. ಆದರೆ ಸ್ನೇಹಿತರೊಬ್ಬರ ನೆರವು ಪಡೆಯಬಹುದು. ವಕೀಲರಲ್ಲದಿದ್ದರೂ ಕಾನೂನು ಬಲ್ಲವರನ್ನೇ ಆರಿಸಿ.

ಸರ್ಕಾರದ ಆಕ್ಷೇಪಣೆ ಬಂದ ಮೇಲೆ ಮೂಲ ಟಿಪ್ಪಣಿ ಹಾಳೆ ತರಿಸಲು ಯಾವ ಸಾಲು ಸಾಕಾಗುತ್ತದೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಎದುರಿನವರೂ ಇದನ್ನು ಓದುತ್ತಾರೆ. ಆ ಕಡತದಲ್ಲಿ ಆದೇಶ ರದ್ದಾಗುವಷ್ಟರಲ್ಲಿ ಆತ ನಾಲ್ಕು ತಿಂಗಳ ಮೇಲೆ ಒಳಗಿದ್ದ. ಹೊಸ ಸಂಗತಿಗಳಿದ್ದರೆ ಇನ್ನೊಂದು ಆದೇಶ ಹೊರಡಿಸಲು ಅಡ್ಡಿಯಿಲ್ಲ, ಹಾಗಾಗಿ ಸೀಲಿರುವ ಆ ಪ್ರತಿಯನ್ನು ಮನೆಯವರು ಇನ್ನೂ ಎತ್ತಿಟ್ಟಿದ್ದಾರೆ.